ಗೂಗಲ್‌ನಲ್ಲಿ ಅರ್ಧಕ್ಕೇ ತುಂಡಾಗುವ ಶೀರ್ಷಿಕೆಗಳು

ಶಿವಮೊಗ್ಗ, ಭದ್ರಾವತಿಯ ಅಂಗಡಿ, ಹೋಮ್‌ಸ್ಟೇ, ಟ್ಯಾಕ್ಸಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಟೈಟಲ್ ಟ್ಯಾಗ್ ಮತ್ತು ಮೆಟಾ ಡಿಸ್ಕ್ರಿಪ್ಶನ್ ಬರೆಯುವಾಗ ಕಲಿತದ್ದು ಇಷ್ಟು.

1. ಅಕ್ಷರ ಎಣಿಸಬೇಡಿ, ಅಗಲ ಅಳೆಯಿರಿ. ಟೈಟಲ್ 60 ಅಕ್ಷರ ದಾಟಬಾರದೆಂಬ ಲೆಕ್ಕ ಇಂಗ್ಲಿಷಿನದು. ಗೂಗಲ್ ಟೈಟಲ್ ಕತ್ತರಿಸುವುದು ಪರದೆಯಲ್ಲಿ ಅದಕ್ಕೆ ಸಿಗುವ ಅಗಲ ನೋಡಿ; ಕಂಪ್ಯೂಟರಿನಲ್ಲಿ ಅದು ಹೆಚ್ಚುಕಡಿಮೆ 600 ಪಿಕ್ಸೆಲ್. ಕನ್ನಡದಲ್ಲಿ ಅಕ್ಷರಗಳ ಲೆಕ್ಕ ಇನ್ನೂ ದಾರಿ ತಪ್ಪಿಸುತ್ತದೆ. ‘ಭದ್ರಾವತಿ’ ನಮ್ಮ ಕಣ್ಣಿಗೆ ನಾಲ್ಕಕ್ಷರ. ಅಕ್ಷರ ಎಣಿಸುವ ಪ್ಲಗಿನ್ ಮಾತ್ರ ಒತ್ತು, ದೀರ್ಘ, ಗುಡಿಸು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಎಂಟು ಎನ್ನುತ್ತದೆ. ಅದರ ಕೆಂಪು ಗುರುತು ನಂಬಿ ಚೆನ್ನಾಗಿರುವ ಟೈಟಲನ್ನು ಮೊಟಕು ಮಾಡಬೇಡಿ. ಬ್ರೌಸರಿನ ಕನ್ಸೋಲ್‌ನಲ್ಲಿ ಹೀಗೆ ಅಳೆಯಬಹುದು:

```
c = document.createElement("canvas").getContext("2d");
c.font = "20px Arial";
c.measureText("ಶಿವಮೊಗ್ಗ–ಜೋಗ ಟ್ಯಾಕ್ಸಿ ದರ").width
```

ಉತ್ತರ 580ರೊಳಗಿದ್ದರೆ ಸಾಮಾನ್ಯವಾಗಿ ಪೂರ್ತಿ ಕಾಣುತ್ತದೆ. ಕನ್ನಡದ ಫಾಂಟು ಒಂದೊಂದು ಸಾಧನದಲ್ಲಿ ಒಂದೊಂದು ಬಗೆ, ಹಾಗಾಗಿ ಮೊಬೈಲಿನಲ್ಲೂ ಒಮ್ಮೆ ಹುಡುಕಿ ನೋಡಿ.

2. ಊರು, ಸೇವೆ ಮೊದಲು. ಸಂಸ್ಥೆಯ ಹೆಸರು ಕೊನೆಗೆ. ಟ್ಯಾಕ್ಸಿಯವರೊಬ್ಬರ ಟೈಟಲ್ ‘ಹೋಮ್’ ಎಂದು ಶುರುವಾಗಿ, ಸಂಸ್ಥೆಯ ಉದ್ದನೆಯ ಹೆಸರು ಮುಗಿದ ಮೇಲೆ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಎಂದು ಪಟ್ಟಿ ಹಾಕಿತ್ತು. ತುಂಡಾಗುತ್ತಿದ್ದದ್ದು ಊರುಗಳೇ. ಅದನ್ನು ‘ಶಿವಮೊಗ್ಗ–ಜೋಗ ಟ್ಯಾಕ್ಸಿ ದರ’ ಎಂದು ಬದಲಿಸಿ, ಭದ್ರಾವತಿಗೆ ಬೇರೆ ಪುಟ ಮಾಡಿದೆವು. ಆ ಪುಟದಲ್ಲಿ ಬರೀ ಊರಿನ ಹೆಸರು ಬದಲಾದರೆ ಸಾಲದು. ದರ, ಹತ್ತಿಸಿಕೊಳ್ಳುವ ಜಾಗ ಎಲ್ಲವೂ ಭದ್ರಾವತಿಯದೇ ಇರಬೇಕು.

3. ಸರ್ಕಾರ 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಹೆಸರು ಬದಲಿಸಿದರೂ ಜನ ಈಗಲೂ Shimoga ಎಂದು ಟೈಪಿಸುತ್ತಾರೆ. ಇಂಗ್ಲಿಷ್ ಪುಟದ ಟೈಟಲ್‌ನಲ್ಲಿ Shivamogga ಇಟ್ಟು, ಹಳೆಯದನ್ನು ಡಿಸ್ಕ್ರಿಪ್ಶನ್‌ನಲ್ಲೂ ಪುಟದ ಬರಹದಲ್ಲೂ ಒಮ್ಮೆ ಸಹಜವಾಗಿ ತನ್ನಿ.

4. ಡಿಸ್ಕ್ರಿಪ್ಶನ್‌ನ ಮೊದಲ ವಾಕ್ಯದಲ್ಲೇ ಗಿರಾಕಿಯ ಪ್ರಶ್ನೆಗೆ ಉತ್ತರವಿರಲಿ, ಮೊಬೈಲಿನಲ್ಲಿ ಎಷ್ಟೋ ಸಲ ಕಾಣುವುದು ಅಷ್ಟೇ. ಆ ಟ್ಯಾಕ್ಸಿ ಪುಟಕ್ಕೆ ಬರೆದದ್ದು: ‘ಶಿವಮೊಗ್ಗದಿಂದ ಜೋಗಕ್ಕೆ ಹೋಗಿಬರಲು ಟ್ಯಾಕ್ಸಿ. ಡೀಸೆಲ್, ಡ್ರೈವರ್ ಬಾಟಾ ಸೇರಿದ ದರಪಟ್ಟಿ ಇಲ್ಲಿದೆ.’ ದರಪಟ್ಟಿ ಪುಟದಲ್ಲಿ ನಿಜವಾಗಿ ಇರಲೇಬೇಕು. ನಾವು ಬರೆದದ್ದು ಹುಡುಕಿದ ಮಾತಿಗೆ ಹೊಂದದಿದ್ದರೆ ಗೂಗಲ್ ಅದನ್ನು ಬಿಟ್ಟು ಪುಟದೊಳಗಿನ ಸಾಲನ್ನೇ ತೋರಿಸುತ್ತದೆ. ಡಿಸ್ಕ್ರಿಪ್ಶನ್‌ನಿಂದ ಸ್ಥಾನ ಮೇಲೇರುವುದಿಲ್ಲ, ಕ್ಲಿಕ್ ಹೆಚ್ಚಬಹುದು ಅಷ್ಟೆ.

5. ಬದಲಿಸಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ರೀಇಂಡೆಕ್ಸಿಂಗ್ ಕೋರಿ, ಹೊಸ ಟೈಟಲ್ ಕಾಣಿಸಿದ ದಿನದಿಂದ ಲೆಕ್ಕ ಹಿಡಿಯಿರಿ. ಇಡೀ ಸೈಟಿನ ಕ್ಲಿಕ್ ದರ ನೋಡಬೇಡಿ, ಒಂದೇ ಹುಡುಕಾಟದ ಮಾತನ್ನು ಆರಿಸಿ. ಸರಾಸರಿ ಸ್ಥಾನ 8ರಿಂದ 4ಕ್ಕೆ ಬಂದಿದ್ದರೆ ಕ್ಲಿಕ್ ಏರಿದ್ದು ಟೈಟಲ್‌ನಿಂದಲೇ ಎನ್ನಲಾಗದು. ಮಳೆಗಾಲದಲ್ಲಿ ಜೋಗ ತುಂಬಿದಾಗ ಹುಡುಕುವವರೇ ಬೇರೆ, ಅವರ ಅವಸರವೇ ಬೇರೆ. ಆಗಸ್ಟನ್ನು ಏಪ್ರಿಲ್ ತಿಂಗಳ ಪಕ್ಕ ಇಡದೆ, ಹಿಂದಿನ ವರ್ಷದ ಆಗಸ್ಟಿಗೇ ಹೋಲಿಸಿ.