ಯಾವ ಗೆರೆ ಸರಿಯಿತು, ಎತ್ತ ಸರಿಯಿತು, ಏಕೆ ಸರಿಯಿತು?



ದರ ಏರಿದಾಗಲೂ ಇಳಿದಾಗಲೂ ಸಂಘದ ಸಭೆಯಲ್ಲಿ ಎರಡು ಮಾತು ಕೇಳಿಬರುತ್ತವೆ: "ಹಾಲು ಜಾಸ್ತಿ ಆಗಿದೆ" ಮತ್ತು "ಕೊಳ್ಳೋರು ಕಡಿಮೆ ಆಗಿದ್ದಾರೆ". ಕೇಳಲು ಎರಡೂ ಒಂದೇ ಎನಿಸುತ್ತದೆ. ಆದರೆ ಇವು ಬೇರೆ ಬೇರೆ, ಇವುಗಳಿಂದ ನಾವು ತೆಗೆದುಕೊಳ್ಳಬೇಕಾದ ತೀರ್ಮಾನವೂ ಬೇರೆ. ಪಿಯುಸಿ ಓದುವ ಮಕ್ಕಳ ಅರ್ಥಶಾಸ್ತ್ರದ ಪುಸ್ತಕದಲ್ಲಿ ಬರುವ ಬೇಡಿಕೆ ರೇಖೆ, ಪೂರೈಕೆ ರೇಖೆಗಳು ಈ ವ್ಯತ್ಯಾಸವನ್ನೇ ಹೇಳುತ್ತವೆ. ಈ ಸಂಚಿಕೆಯಲ್ಲಿ ನಮ್ಮ ಕೆಜಿಎಫ್, ಬಂಗಾರಪೇಟೆ ಸೀಮೆಯ ಉದಾಹರಣೆಗಳೊಂದಿಗೆ ಅದನ್ನು ಕಲಿಯೋಣ.

ಚಿತ್ರ ಬಿಡಿಸುವುದು

ಅಂಗಳದಲ್ಲಿ ರಂಗೋಲಿ ಪುಡಿಯಿಂದ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆಯಿರಿ. ಉದ್ದ ಗೆರೆಯ ಮೇಲೆ ಲೀಟರಿನ ದರ. ಕೆಳಗಿನಿಂದ ಮೇಲಕ್ಕೆ ಹೋದಂತೆ ದರ ಹೆಚ್ಚು. ಅಡ್ಡ ಗೆರೆಯ ಮೇಲೆ ಹಾಲಿನ ಪ್ರಮಾಣ. ಎಡದಿಂದ ಬಲಕ್ಕೆ ಹೋದಂತೆ ಲೀಟರು ಹೆಚ್ಚು.

ದರ ಇಳಿದಷ್ಟೂ ಜನ ಹೆಚ್ಚು ಕೊಳ್ಳುತ್ತಾರೆ. ಆದ್ದರಿಂದ ಬೇಡಿಕೆ ರೇಖೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ದರ ಏರಿದಷ್ಟೂ ಮಾರುವವರು ಹೆಚ್ಚು ತರುತ್ತಾರೆ. ಆದ್ದರಿಂದ ಪೂರೈಕೆ ರೇಖೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಏರುತ್ತದೆ. ಎರಡೂ ಕೂಡುವ ಜಾಗದಲ್ಲಿ ತಂದಷ್ಟೂ ಮಾರಾಟವಾಗುತ್ತದೆ. ಅದೇ ಸಮತೋಲನ ಬೆಲೆ.

ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ. ಬದಲಾದದ್ದು ಆ ವಸ್ತುವಿನ ದರ ಮಾತ್ರವಾದರೆ ರೇಖೆ ಅಲ್ಲೇ ಇರುತ್ತದೆ, ನಾವು ಅದೇ ರೇಖೆಯ ಮೇಲೆ ಹತ್ತುತ್ತೇವೆ ಅಥವಾ ಇಳಿಯುತ್ತೇವೆ. ದರವಲ್ಲದ ಬೇರೆ ಕಾರಣ ಬಂದರೆ, ಅಂದರೆ ಕೊಳ್ಳುವವರ ಆದಾಯ, ಹಬ್ಬ, ಮೇವಿನ ಖರ್ಚು, ರೋಗ, ಮಳೆ ಇಂಥದ್ದು ಬದಲಾದರೆ, ಆಗ ಇಡೀ ರೇಖೆಯೇ ಬಲಕ್ಕೋ ಎಡಕ್ಕೋ ಸರಿಯುತ್ತದೆ. ಇದನ್ನು ರೇಖೆಯ ಪಲ್ಲಟ ಎನ್ನುತ್ತಾರೆ. ಬಲಕ್ಕೆ ಎಂದರೆ ಪ್ರತಿ ದರದಲ್ಲೂ ಮೊದಲಿಗಿಂತ ಹೆಚ್ಚು, ಎಡಕ್ಕೆ ಎಂದರೆ ಪ್ರತಿ ದರದಲ್ಲೂ ಮೊದಲಿಗಿಂತ ಕಡಿಮೆ.

ಗಣಿ ಮುಚ್ಚಿದಾಗ: ಲೆಕ್ಕ ಹಾಕಿ ನೋಡೋಣ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ ಕಡೆಯ ಕಾರ್ಮಿಕರ ಮನೆಗಳಿಗೆ ತಿಂಗಳ ಸಂಬಳ ನಿಂತಿತು. ಎಷ್ಟೋ ಜನ ಬಂಗಾರಪೇಟೆ ಮೇಲಿಂದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಇಂಥ ಊರಿನ ಒಂದು ಬೀದಿಯಲ್ಲಿ ಬಿಡಿ ಹಾಲು ಮಾರುವವರ ಲೆಕ್ಕ ಹೇಗಿದ್ದಿರಬಹುದು? ಕೆಳಗಿನ ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು.

| ಲೀಟರಿನ ದರ (ರೂ.) | ಮೊದಲಿನ ಬೇಡಿಕೆ (ಲೀ.) | ಆಮೇಲಿನ ಬೇಡಿಕೆ (ಲೀ.) | ಪೂರೈಕೆ (ಲೀ.) |
|---|---|---|---|
| 10 | 140 | 110 | 80 |
| 12 | 120 | 90 | 90 |
| 14 | 100 | 70 | 100 |
| 16 | 80 | 50 | 110 |

ಮೊದಲು 14 ರೂಪಾಯಿಗೆ 100 ಲೀಟರು ಬಂದು, 100 ಲೀಟರೂ ಮಾರಾಟವಾಗುತ್ತಿತ್ತು. ಸಂಬಳ ನಿಂತ ಮೇಲೆ ಪ್ರತಿ ದರದಲ್ಲೂ ಬೇಡಿಕೆ 30 ಲೀಟರು ಕಡಿಮೆಯಾಯಿತು. ಅಂದರೆ ಬೇಡಿಕೆ ರೇಖೆ ಇಡಿಯಾಗಿ ಎಡಕ್ಕೆ ಸರಿಯಿತು. ಹಳೆಯ 14 ರೂಪಾಯಿಯಲ್ಲೇ ಮಾರಲು ಹೋದರೆ 70 ಲೀಟರು ಖರ್ಚಾಗಿ 30 ಲೀಟರು ಕ್ಯಾನಿನಲ್ಲೇ ಉಳಿಯುತ್ತದೆ. ಸಂಜೆಗೆ ಹಾಲು ಒಡೆಯುವ ಭಯಕ್ಕೆ ಮಾರುವವರು ದರ ಇಳಿಸುತ್ತಾರೆ. ದರ 12ಕ್ಕೆ ಇಳಿದಾಗ ತರುವವರೂ 90 ಲೀಟರೇ ತರುತ್ತಾರೆ, ಕೊಳ್ಳುವವರೂ 90 ಲೀಟರೇ ಕೊಳ್ಳುತ್ತಾರೆ. ಹೊಸ ಸಮತೋಲನ ಅಲ್ಲಿ.

ಈಗ ಒಂದು ಪ್ರಶ್ನೆ. ಪೂರೈಕೆ 100ರಿಂದ 90ಕ್ಕೆ ಇಳಿಯಿತಲ್ಲ, ಹಾಗಾದರೆ ಪೂರೈಕೆ ರೇಖೆಯೂ ಎಡಕ್ಕೆ ಸರಿಯಿತೇ? ಇಲ್ಲ. ಪೂರೈಕೆಯ ಕಾಲಂ ನೋಡಿ, ಅದರಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಹಸು ಅವೇ, ಹುಲ್ಲು ಅದೇ, ಖರ್ಚು ಅದೇ. ದರ ಇಳಿದದ್ದರಿಂದ ಅದೇ ರೇಖೆಯ ಮೇಲೆ 14ರ ಸಾಲಿನಿಂದ 12ರ ಸಾಲಿಗೆ ಇಳಿದೆವು, ಅಷ್ಟೆ. ಮಕ್ಕಳು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ.

ಇದನ್ನು ಒಂದೇ ವಾಕ್ಯದಲ್ಲಿ ಹೀಗೆ ಬರೆಯಬೇಕು: "ಕಾರ್ಮಿಕರ ಆದಾಯ ನಿಂತದ್ದರಿಂದ ಹಾಲಿನ ಬೇಡಿಕೆ ರೇಖೆ ಎಡಕ್ಕೆ ಸರಿಯಿತು, ದರವೂ ಇಳಿಯಿತು, ಮಾರಾಟವಾದ ಪ್ರಮಾಣವೂ ಇಳಿಯಿತು." ಯಾವ ರೇಖೆ, ಯಾವ ದಿಕ್ಕು, ಯಾವ ಕಾರಣ, ಕೊನೆಗೆ ದರ ಮತ್ತು ಪ್ರಮಾಣ ಏನಾಯಿತು ಎಂಬ ನಾಲ್ಕೂ ಅದರಲ್ಲಿ ಇರಬೇಕು.

ಟೊಮೆಟೊ ಹೇಳಿಕೊಟ್ಟ ಪಾಠ

ಈಗ 2023ರ ಜುಲೈ ನೆನಪಿಸಿಕೊಳ್ಳಿ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂ. ದಾಟಿತ್ತು. ಟೊಮೆಟೊ ಮೇಲೆ ಜನರಿಗೆ ಇದ್ದಕ್ಕಿದ್ದಂತೆ ಆಸೆ ಹೆಚ್ಚಿತೇ? ಇಲ್ಲ. ಬೇಸಿಗೆಯ ಬಿಸಿಲು ಮತ್ತು ಎಲೆ ಮುದುಡು ರೋಗದಿಂದ ಬೆಳೆ ಕೈಕೊಟ್ಟಿತ್ತು, ಮಂಡಿಗೆ ಬರುವ ಬಾಕ್ಸ್ ಕಡಿಮೆಯಾಗಿತ್ತು. ಪೂರೈಕೆ ರೇಖೆ ಎಡಕ್ಕೆ ಸರಿದಿತ್ತು. ದರ ಏರಿತು, ಮಾರಾಟವಾದ ಪ್ರಮಾಣ ಇಳಿಯಿತು. ಮನೆಗಳಲ್ಲಿ ಸಾರಿಗೆ ಹುಣಸೆ ಹಣ್ಣು ಹಾಕಿ ಟೊಮೆಟೊ ಕಡಿಮೆ ಮಾಡಿದ್ದು ಬೇಡಿಕೆ ರೇಖೆಯ ಪಲ್ಲಟವಲ್ಲ. ದರ ಏರಿದ್ದಕ್ಕೆ ಅದೇ ಬೇಡಿಕೆ ರೇಖೆಯ ಮೇಲೆ ಮೇಲಕ್ಕೆ ಹತ್ತಿದ್ದು.

ಈ ಎರಡು ಉದಾಹರಣೆಗಳಿಂದ ಒಂದು ಗುರುತು ಸಿಗುತ್ತದೆ. ದರ, ಪ್ರಮಾಣ ಎರಡೂ ಒಂದೇ ಕಡೆಗೆ ಹೋದರೆ ಸರಿದದ್ದು ಬೇಡಿಕೆ ರೇಖೆ. ಎರಡೂ ಏರಿದರೆ ಬಲಕ್ಕೆ, ಎರಡೂ ಇಳಿದರೆ ಎಡಕ್ಕೆ. ದರ ಒಂದು ಕಡೆ, ಪ್ರಮಾಣ ಇನ್ನೊಂದು ಕಡೆ ಹೋದರೆ ಸರಿದದ್ದು ಪೂರೈಕೆ ರೇಖೆ. ದರ ಇಳಿದು ಪ್ರಮಾಣ ಏರಿದರೆ ಬಲಕ್ಕೆ, ದರ ಏರಿ ಪ್ರಮಾಣ ಇಳಿದರೆ ಎಡಕ್ಕೆ. ಆದ್ದರಿಂದ "ದರ ಏರಿತು" ಎಂಬ ಒಂದೇ ಸುದ್ದಿ ಸಾಲದು. ಮಾಲು ಎಷ್ಟು ಮಾರಾಟವಾಯಿತು ಎಂದೂ ಕೇಳಬೇಕು.

ಎರಡು ರೇಖೆಗಳೂ ಒಟ್ಟಿಗೆ ಸರಿದಾಗ ಈ ಗುರುತು ಪೂರ್ತಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಹಸಿರು ಮೇವು ಒಣಗಿ ಹಾಲು ಕಡಿಮೆಯಾಗುತ್ತದೆ, ಪೂರೈಕೆ ರೇಖೆ ಎಡಕ್ಕೆ. ಅದೇ ಹೊತ್ತಿಗೆ ಮದುವೆ ಕಾಲ, ಮಜ್ಜಿಗೆ ಮೊಸರಿಗೆ ಗಿರಾಕಿ ಹೆಚ್ಚು, ಬೇಡಿಕೆ ರೇಖೆ ಬಲಕ್ಕೆ. ಆಗ ದರ ಏರುವುದು ಖಚಿತ, ಆದರೆ ಮಾರಾಟದ ಪ್ರಮಾಣ ಏರಿತೋ ಇಳಿಯಿತೋ ಎನ್ನುವುದು ಯಾವ ರೇಖೆ ಹೆಚ್ಚು ಸರಿಯಿತು ಎಂಬುದರ ಮೇಲೆ ನಿಂತಿದೆ.

ಡೇರಿ ಹಾಲಿನಲ್ಲಿ ಏನು ಬೇರೆ?

ಟೊಮೆಟೊಗೆ ದಿನವೂ ಹರಾಜು ನಡೆಯುತ್ತದೆ. ನಾವು ಡೇರಿಗೆ ಹಾಕುವ ಹಾಲಿಗೆ ಹರಾಜು ಇಲ್ಲ. ಜಿಡ್ಡು, ಎಸ್‌ಎನ್‌ಎಫ್ ನೋಡಿ ಒಕ್ಕೂಟ ನಿಗದಿ ಮಾಡಿದ ದರ, ಪ್ಯಾಕೆಟ್ ಮೇಲೆ ಅಚ್ಚು ಹಾಕಿದ ದರ. ರೇಖೆ ಸರಿದರೂ ದರ ಮರುದಿನವೇ ಕದಲುವುದಿಲ್ಲ. ಹಾಗಾದರೆ ಪಲ್ಲಟ ಎಲ್ಲಿ ಕಾಣುತ್ತದೆ? ಉಳಿಕೆಯಲ್ಲಿ ಅಥವಾ ಕೊರತೆಯಲ್ಲಿ.

2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಹೋಟೆಲು, ಟೀ ಅಂಗಡಿ, ಕಲ್ಯಾಣ ಮಂಟಪ ಎಲ್ಲ ಮುಚ್ಚಿದವು. ಬೇಡಿಕೆ ರೇಖೆ ಎಡಕ್ಕೆ ಸರಿಯಿತು. ಆದರೆ ಹಸುವಿಗೆ ಲಾಕ್‌ಡೌನ್ ಗೊತ್ತೇ? ಬೆಳಿಗ್ಗೆ ಸಂಜೆ ಕರೆಯಲೇಬೇಕು. ಟೇಬಲ್ಲಿನ 14 ರೂಪಾಯಿ ಸಾಲಿನಲ್ಲಿ 30 ಲೀಟರು ಉಳಿದಂತೆಯೇ ಒಕ್ಕೂಟಗಳಲ್ಲಿ ಹಾಲು ಉಳಿಯಿತು. ಉಳಿದ ಹಾಲು ಪುಡಿಯಾಗಿ, ಬೆಣ್ಣೆಯಾಗಿ ದಾಸ್ತಾನು ಸೇರಿತು. ಪುಡಿ ಮಾಡಲು ಖರ್ಚಿದೆ, ಪುಡಿ ಮಾರಾಟವಾಗುವವರೆಗೆ ಹಣ ಕಟ್ಟಿಹೋಗುತ್ತದೆ. ಆ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ನಗರಗಳ ಬಡವರಿಗೆ ಉಚಿತವಾಗಿ ಹಾಲು ಹಂಚಿಸಿತು. ರೇಖೆಯ ಮಾತಿನಲ್ಲಿ ಹೇಳುವುದಾದರೆ, ಎಡಕ್ಕೆ ಹೋದ ಬೇಡಿಕೆ ರೇಖೆಯನ್ನು ಒಂದಿಷ್ಟು ಬಲಕ್ಕೆ ತಳ್ಳಿದ್ದು ಅದು.

ಹೀಗಾಗಿ ದರ ಬದಲಾಗಿಲ್ಲ ಎಂದರೆ ಏನೂ ಆಗಿಲ್ಲ ಎಂದಲ್ಲ. ಒಕ್ಕೂಟದಲ್ಲಿ ಪುಡಿ ದಾಸ್ತಾನು ಬೆಳೆಯುತ್ತಿದೆ ಎಂಬ ಸುದ್ದಿ ಕೇಳಿದರೆ, ಯಾವುದೋ ರೇಖೆ ಸರಿದಿದೆ ಎಂದು ತಿಳಿಯಿರಿ. ಯಾವುದು ಎಂದು ತಿಳಿಯಲು ನಿಮ್ಮ ಸಂಘದ ಹಾಲಿನ ಪುಸ್ತಕ ನೋಡಿ. ಸಂಗ್ರಹಣೆ ಹೋದ ತಿಂಗಳಷ್ಟೇ ಇದ್ದೂ ಹಾಲು ಉಳಿಯುತ್ತಿದ್ದರೆ ಬೇಡಿಕೆ ಎಡಕ್ಕೆ ಹೋಗಿದೆ. ಎಲ್ಲ ಸಂಘಗಳಲ್ಲೂ ಸಂಗ್ರಹಣೆ ಏರಿ ಹಾಲು ಉಳಿಯುತ್ತಿದ್ದರೆ ಪೂರೈಕೆ ಬಲಕ್ಕೆ ಹೋಗಿದೆ.

ಕಾರಣ ಗೊತ್ತಿದ್ದರೆ ಏನು ಲಾಭ?

ಕಾರಣ ಎಷ್ಟು ದಿನ ಇರುತ್ತದೋ ಪಲ್ಲಟವೂ ಅಷ್ಟು ದಿನ. 2023ರ ಜುಲೈ ದರ ನೋಡಿ ಟೊಮೆಟೊ ನಾಟಿ ಮಾಡಿದವರಿಗೆ ಕಾಯಿ ಕೈಗೆ ಬರಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. ಅಷ್ಟರಲ್ಲಿ ಎಲ್ಲರ ತೋಟದ ಹಣ್ಣೂ ಮಂಡಿಗೆ ಬಂದು ಪೂರೈಕೆ ರೇಖೆ ಮತ್ತೆ ಬಲಕ್ಕೆ ಸರಿದು ದರ ಕುಸಿದಿತ್ತು. ಹಸುವಿನ ವಿಷಯದಲ್ಲಿ ಕಾಯುವ ಕಾಲ ಇನ್ನೂ ಉದ್ದ. ಇವತ್ತು ಹುಟ್ಟಿದ ಹೆಣ್ಣು ಕರು ಹಾಲಿಗೆ ಬರಲು ಎರಡೂವರೆ ಮೂರು ವರ್ಷ. ಸಾಲ ಮಾಡಿ ಹಸು ಕೊಂಡರೆ ಕಂತು ವರ್ಷಗಟ್ಟಲೆ. ಬೇಸಿಗೆಯಲ್ಲಿ ಬಿಡಿ ಹಾಲಿಗೆ ಬಂದ ದರ ನೋಡಿ ಹಸು ಕೊಂಡರೆ, ಮಳೆ ಬಿದ್ದು ಮೇವು ಚಿಗುರಿದಾಗ ಆ ದರ ಇರುವುದಿಲ್ಲ, ಕಂತು ಮಾತ್ರ ಇರುತ್ತದೆ.

ನೀವೇ ಬರೆದು ನೋಡಿ

ಉತ್ತರ ಕೆಳಗಿದೆ. ಮೊದಲು ನೀವೇ ಹೇಳಿ: ಯಾವ ರೇಖೆ, ಎತ್ತ, ಏಕೆ?

1. 2013ರ ಆಗಸ್ಟ್ 1ರಂದು ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಶುರುವಾಯಿತು.
2. ಡೇರಿಗೆ ಹಾಕುವ ಹಾಲಿಗೆ ಸರ್ಕಾರ ಲೀಟರಿಗೆ 5 ರೂ. ಪ್ರೋತ್ಸಾಹಧನ ಕೊಡುತ್ತದೆ.
3. ರಾಗಿ ಬೆಳೆ ಕೈಕೊಟ್ಟು ರಾಗಿ ಹುಲ್ಲು ದುಬಾರಿಯಾಯಿತು. ಹಾಲಿನ ಯಾವ ರೇಖೆ ಸರಿಯುತ್ತದೆ?
4. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂ. ಏರಿತು. ಒಂದು ಮನೆಯವರು ಅರ್ಧ ಲೀಟರು ಕಡಿಮೆ ಮಾಡಿದರು. ಅವರ ಬೇಡಿಕೆ ರೇಖೆ ಎತ್ತ ಸರಿಯಿತು?

ಉತ್ತರ

1. ಬೇಡಿಕೆ ರೇಖೆ ಬಲಕ್ಕೆ. ಶಾಲೆಗಳಿಗಾಗಿ ಸರ್ಕಾರವೇ ಹೊಸ ಗಿರಾಕಿಯಾಗಿ ಹಾಲಿನ ಪುಡಿ ಕೊಂಡಿತು.
2. ಪೂರೈಕೆ ರೇಖೆ ಬಲಕ್ಕೆ. ಗಿರಾಕಿ ಕೊಡುವ ದರ ಅಷ್ಟೇ ಇದ್ದರೂ ನಮ್ಮ ಕೈಗೆ 5 ರೂ. ಹೆಚ್ಚು ಸಿಗುವುದರಿಂದ ಹೆಚ್ಚು ಹಾಲು ಹಾಕಲು ಗಿಟ್ಟುತ್ತದೆ.
3. ಪೂರೈಕೆ ರೇಖೆ ಎಡಕ್ಕೆ. ಲೀಟರು ಹಾಲಿನ ಖರ್ಚು ಏರಿದ್ದರಿಂದ ಹಳೆಯ ದರದಲ್ಲಿ ಮೊದಲಿನಷ್ಟು ಹಾಲು ತೆಗೆಯಲು ಗಿಟ್ಟುವುದಿಲ್ಲ.
4. ಎತ್ತಲೂ ಸರಿಯಲಿಲ್ಲ. ಬದಲಾದದ್ದು ಹಾಲಿನ ದರವೇ. ಆ ಮನೆಯವರು ಅದೇ ರೇಖೆಯ ಮೇಲೆ ಮೇಲಕ್ಕೆ ಹತ್ತಿದರು, ಅಷ್ಟೆ.