ವ್ಯವಹಾರ ಪತ್ರ: ಹಾಸ್ಟೆಲಿನ ತರಕಾರಿ ಚೀಟಿ

ವಿದ್ಯಾರ್ಥಿಗಳೇ,

ವ್ಯವಹಾರ ಪತ್ರ ಬರೆಯಿರಿ ಎಂದರೆ ನೀವು ವಿಳಾಸ, ದಿನಾಂಕ, ಒಕ್ಕಣೆ, ಸಹಿ ಎಲ್ಲವನ್ನೂ ಸರಿಯಾಗಿ ಬರೆಯುತ್ತೀರಿ. ನಡುವೆ ಬರುವ ಅಂಕಿಗಳನ್ನು ಮಾತ್ರ ಮನಸ್ಸಿಗೆ ತೋಚಿದಂತೆ ತುಂಬುತ್ತೀರಿ. "ಬದನೆಕಾಯಿ 50 ಕಿಲೋ" ಎಂದು ಬರೆದವರನ್ನು "ಐವತ್ತೇ ಏಕೆ?" ಎಂದು ಕೇಳಿದರೆ ಉತ್ತರವಿರುವುದಿಲ್ಲ. ಆದ್ದರಿಂದ ಈ ಸಲ ಅಂಕಿಯೇ ಜೀವವಾಗಿರುವ ಒಂದು ಪತ್ರವನ್ನು ಪಾಠಕ್ಕೆ ಆರಿಸಿಕೊಂಡಿದ್ದೇವೆ. ಇನ್ನೂರು ಮಕ್ಕಳಿರುವ ಒಂದು ಹಾಸ್ಟೆಲಿನ ಮೆಸ್ ಮ್ಯಾನೇಜರು ತರಕಾರಿ ಸರಬರಾಜು ಮಾಡುವವರಿಗೆ ಬರೆಯುವ ವಾರದ ಚೀಟಿ ಅದು. ಹಾಸ್ಟೆಲು ನಮ್ಮ ಕಲ್ಪನೆಯದು. ಲೆಕ್ಕ ಮಾತ್ರ ನಿಜವಾದದ್ದು.

ನಾವು ಓದುವಾಗ ಹಾಸ್ಟೆಲಿನಲ್ಲಿದ್ದೆವು. ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೆ ಎಷ್ಟೋ ದಿನ ಪಲ್ಯ ಬರುತ್ತಿರಲಿಲ್ಲ. ಅಡಿಗೆಯವನ ಕೈ ಬಿಗಿಯೆಂದು ಅವನನ್ನೇ ಬೈದುಕೊಳ್ಳುತ್ತಿದ್ದೆವು. ತಪ್ಪು ಸೌಟಿನಲ್ಲಿರಲಿಲ್ಲ, ಚೀಟಿಯಲ್ಲಿತ್ತು ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು.

ತಟ್ಟೆಯಿಂದ ಚೀಟಿಗೆ

ಲೆಕ್ಕವನ್ನು ಅಂಗಡಿಯಿಂದಲ್ಲ, ತಟ್ಟೆಯಿಂದ ಆರಂಭಿಸಬೇಕು. ಶಾಲೆಯ ಮಧ್ಯಾಹ್ನದ ಊಟದ ಯೋಜನೆಯಲ್ಲಿ (2021ರಿಂದ ಇದರ ಹೆಸರು ಪಿ.ಎಂ. ಪೋಷಣ್) 6ರಿಂದ 8ನೆಯ ತರಗತಿಯ ಮಗುವಿಗೆ ಒಂದು ಹೊತ್ತಿಗೆ 75 ಗ್ರಾಂ ತರಕಾರಿ ಎಂದು ಗೊತ್ತುಮಾಡಿದ್ದಾರೆ. ಅದನ್ನೇ ನಮ್ಮ ಪಲ್ಯಕ್ಕೂ ಅಳತೆಯಾಗಿ ಇಟ್ಟುಕೊಳ್ಳೋಣ. ಇನ್ನೂರು ಮಕ್ಕಳಿಗೆ 15 ಕಿಲೋ ಆಯಿತು.

ಸೋಮವಾರ ಹೀರೇಕಾಯಿ ಪಲ್ಯ. ಹಾಗಾದರೆ 15 ಕಿಲೋ ಹೀರೇಕಾಯಿ ಬರೆಯಬಹುದೇ? ಬರೆಯಬಾರದು. ಏಣು ಹೆರೆದು, ತುದಿ ಕತ್ತರಿಸಿ, ಕಹಿ ಬಂದ ಕಾಯಿಯನ್ನು ತೆಗೆದು ತೂಗಿದರೆ 10 ಕಿಲೋಗೆ ಸುಮಾರು 8 ಕಿಲೋ ಮಾತ್ರ ಉಳಿಯುತ್ತದೆ. 15 ಕಿಲೋ ತರಿಸಿದರೆ ಬಾಣಲೆಗೆ ಬೀಳುವುದು 12 ಕಿಲೋ. ಅದು 160 ಮಕ್ಕಳಿಗೆ ಸಾಕಾಗುತ್ತದೆ. ಉಳಿದ 40 ಮಂದಿಗೆ ಪಲ್ಯವಿಲ್ಲ.

ಬುದ್ಧಿವಂತ ವಿದ್ಯಾರ್ಥಿ ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾನೆ. "ಶೇಕಡಾ 20 ಹೋಗುತ್ತದೆ, 15ಕ್ಕೆ ಅದರ ಶೇಕಡಾ 20 ಕೂಡಿಸಿದರೆ 18" ಎನ್ನುತ್ತಾನೆ. ಪರೀಕ್ಷಿಸಿ ನೋಡಿರಿ. 18 ಕಿಲೋದಲ್ಲಿ ಶೇಕಡಾ 20 ಹೋದರೆ 14 ಕಿಲೋ 400 ಗ್ರಾಂ ಉಳಿಯುತ್ತದೆ. 600 ಗ್ರಾಂ ಕಡಿಮೆ, ಅಂದರೆ ಎಂಟು ಮಕ್ಕಳ ಪಾಲು. ಕಳೆಯುವುದು ತರಿಸಿದ ತೂಕದಲ್ಲಿ, ಅಡಿಗೆಗೆ ಬೇಕಾದ ತೂಕದಲ್ಲಲ್ಲ. ಆದುದರಿಂದ ಕೂಡಿಸದೆ ಭಾಗಿಸಬೇಕು: 15 ÷ 0.8 = 18.75. ಚೀಟಿಯಲ್ಲಿ 19 ಕಿಲೋ. ಪಂಕ್ತಿಯ ಕೊನೆಯಲ್ಲಿದ್ದ ನಮ್ಮಂಥವರು ಈ ಒಂದು ಕಿಲೋದಲ್ಲಿ ಇದ್ದೆವು.

ಒಂದೊಂದು ತರಕಾರಿಯ ಕಳೆತ ಒಂದೊಂದು ಬಗೆ. ಬದನೆಕಾಯಿಯಲ್ಲಿ ತೊಟ್ಟು ಮಾತ್ರ ಹೋಗುತ್ತದೆ, ಹತ್ತರಲ್ಲಿ ಒಂದು ಪಾಲು. ಸಿಹಿಗುಂಬಳದಲ್ಲಿ ಸಿಪ್ಪೆ, ತಿರುಳು, ಬೀಜ ಸೇರಿ ಕಾಲು ಪಾಲು. ದಂಟಿನ ಸೊಪ್ಪಿನಲ್ಲಿ ಬೇರು, ಬಲಿತ ದಂಟು, ಹಣ್ಣೆಲೆ ತೆಗೆದರೆ ಅರ್ಧ ಉಳಿದರೆ ಹೆಚ್ಚು. ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹೆಚ್ಚುವ ಮೊದಲು ಒಮ್ಮೆ, ಹೆಚ್ಚಿದ ಮೇಲೆ ಒಮ್ಮೆ ತೂಗಿ ಗೋಡೆಯ ಮೇಲೆ ಬರೆದಿಟ್ಟರೆ ಅಡಿಗೆ ಮನೆಯೇ ಕಲಿಸುತ್ತದೆ.

ಮಾದರಿ ಚೀಟಿ

ದಿನಾಂಕ: 8–11–2024

ತರಕಾರಿ ಸರಬರಾಜುದಾರರಿಗೆ,

ಮಾನ್ಯರೇ,

11–11–2024 ಸೋಮವಾರದಿಂದ 17–11–2024 ಭಾನುವಾರದವರೆಗೆ ನಮ್ಮ ಹಾಸ್ಟೆಲಿಗೆ ಈ ಕೆಳಗಿನ ತರಕಾರಿಗಳನ್ನು ಆಯಾ ದಿನ ಬೆಳಿಗ್ಗೆ 7 ಗಂಟೆಯೊಳಗೆ ಕಳುಹಿಸಬೇಕಾಗಿ ಕೋರುತ್ತೇನೆ.

ಸೋಮವಾರ: ಎಳೆಯ ಹೀರೇಕಾಯಿ 19 ಕಿಲೋ, ಬದನೆಕಾಯಿ 17 ಕಿಲೋ, ಟೊಮೇಟೊ 17 ಕಿಲೋ, ಹಸಿಮೆಣಸಿನಕಾಯಿ 2 ಕಿಲೋ, ಈರುಳ್ಳಿ (ಇಡೀ ವಾರಕ್ಕೆ) 45 ಕಿಲೋ.

ಬುಧವಾರ: ದಂಟಿನ ಸೊಪ್ಪು 16 ಕಿಲೋ, ತೂಕದಲ್ಲಿ.

ಗುರುವಾರ: ಗೋರಿಕಾಯಿ 17 ಕಿಲೋ, ಸಿಹಿಗುಂಬಳ 20 ಕಿಲೋ, ಎಲೆಕೋಸು 18 ಕಿಲೋ, ಆಲೂಗಡ್ಡೆ 14 ಕಿಲೋ, ಟೊಮೇಟೊ 21 ಕಿಲೋ, ಹಸಿಮೆಣಸಿನಕಾಯಿ 2½ ಕಿಲೋ.

ಹೀರೇಕಾಯಿ ಸಿಗದಿದ್ದರೆ ಅಷ್ಟೇ ತೂಕದ ಸೋರೆಕಾಯಿ ಕಳುಹಿಸಿರಿ. ಬೇರೆ ಯಾವುದನ್ನು ಬದಲಿಸುವುದಿದ್ದರೂ ಹಿಂದಿನ ದಿನವೇ ತಿಳಿಸಿರಿ. ತೂಕ ಹಾಸ್ಟೆಲಿನ ತಕ್ಕಡಿಯಲ್ಲಿ ನೋಡಿ ರಶೀದಿಗೆ ಸಹಿ ಮಾಡಲಾಗುವುದು.

ಇಂತಿ,
ಮೆಸ್ ಮ್ಯಾನೇಜರು

ಚೀಟಿಯನ್ನು ಓದುವ ಬಗೆ

ವಾರದ ತರಕಾರಿಯನ್ನು ಮೂರು ದಿನಗಳಿಗೆ ಹಂಚಿರುವುದನ್ನು ಗಮನಿಸಿರಿ. ಈರುಳ್ಳಿ ವಾರವಿಡೀ ಕೆಡುವುದಿಲ್ಲ. ಟೊಮೇಟೊ ನಾಲ್ಕು ದಿನದ ಮೇಲೆ ನೀರೊಡೆಯತೊಡಗುತ್ತದೆ, ಅದಕ್ಕಾಗಿ ಎರಡು ಕಂತು. ಸೊಪ್ಪು ಅಡಿಗೆಯಾಗುವ ದಿನವೇ ಬರಬೇಕು. ಎಲ್ಲವನ್ನೂ ಸೋಮವಾರವೇ ತರಿಸಿದರೆ ಕಾಗದದ ಮೇಲೆ ಲೆಕ್ಕ ಸರಿ, ಶನಿವಾರದ ತಟ್ಟೆಯಲ್ಲಿ ತಪ್ಪು.

ಸೊಪ್ಪಿನ ಮುಂದೆ "ತೂಕದಲ್ಲಿ" ಎಂದಿದೆ. ಕಟ್ಟಿನ ಲೆಕ್ಕದಲ್ಲಿ ಬರೆದರೆ ಮಳೆಗಾಲದ ಕಟ್ಟು ದಪ್ಪ, ಬೇಸಿಗೆಯ ಕಟ್ಟು ತೆಳು. ಕಟ್ಟುಗಳ ಸಂಖ್ಯೆ ಸರಿಯಿದ್ದರೂ ಸೊಪ್ಪು ಸಾಲದು. ಅಂದು ಸೊಪ್ಪು ಬೇಳೆಯ ಜೊತೆ ಬೇಯುವುದರಿಂದ ತಲೆಗೆ 40 ಗ್ರಾಂ ಹಿಡಿದು, ಹಸನು ಮಾಡಿದ್ದು 8 ಕಿಲೋ, ತರಿಸುವುದು ಅದರ ಎರಡರಷ್ಟು ಎಂದು ಲೆಕ್ಕ ಹಾಕಿದೆ. ಆಲೂಗಡ್ಡೆ ಭಾನುವಾರದ್ದು. ಆ ದಿನ 50 ಮಂದಿ ಊರಿಗೆ ಹೋಗುವರೆಂದು ಹಾಜರಿ ಪುಸ್ತಕ ನೋಡಿ 150 ಮಂದಿಗೆ ಬರೆದಿದೆ.

ಹೆಸರಿನಲ್ಲಿಯೂ ಎಚ್ಚರ ಬೇಕು. ನಮ್ಮದು ಎರಡು ಭಾಷೆಗಳ ಸೀಮೆ. ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಬರೀ "ಕುಂಬಳಕಾಯಿ" ಎಂದರೆ ಬೂದುಗುಂಬಳ ಬಂದೀತು. ಹಸಿಯಾಗಿ ಹೆಚ್ಚಿಕೊಡಲು "ಸೌತೆಕಾಯಿ" ಬರೆದರೆ ಪಪ್ಪಿಗೆ ಹಾಕುವ ಹಳದಿ ದೋಸಕಾಯ ಬಂದೀತು. ಕೊಡುವವರು ತೆಲುಗಿನವರಾದರೆ ಸೊಪ್ಪಿನ ಪಕ್ಕದಲ್ಲಿ "ತೋಟಕೂರ" ಎಂದು ಸೇರಿಸುವುದು ಒಳ್ಳೆಯದು.

ಕೊನೆಯದು, ತೂಕ ಸರಿಯಿದ್ದರೂ ಲೆಕ್ಕ ತಪ್ಪುವ ಸಂದರ್ಭ. ಗೋರಿಕಾಯಿ ಬಲಿತಿದ್ದರೆ ಕಳೆತ ಹತ್ತರಲ್ಲಿ ಒಂದಲ್ಲ, ಮೂರಾಗಬಹುದು. ಆಗ 17 ಕಿಲೋದಲ್ಲಿ 12 ಕಿಲೋ ಕೂಡ ಉಳಿಯದು. ಕಾಯಿಯನ್ನು ಮುರಿದು ನೋಡಿರಿ: ಪಟ್ಟನೆ ಮುರಿದರೆ ಎಳೆಯದು, ನಾರು ಹಿಡಿದು ಜೋತರೆ ಬಲಿತದ್ದು. ಇದನ್ನು ರಶೀದಿಗೆ ಸಹಿ ಮಾಡುವ ಮೊದಲು ನೋಡಬೇಕು, ಹೆಚ್ಚಲು ಕುಳಿತ ಮೇಲಲ್ಲ.

ಅಭ್ಯಾಸ

1. ಸಿಹಿಗುಂಬಳ 20 ಕಿಲೋ ಹೇಗೆ ಬಂದಿತೆಂದು ಲೆಕ್ಕ ಮಾಡಿ ತೋರಿಸಿರಿ.

2. ಸೋಮವಾರ 240 ಮಕ್ಕಳು ಊಟಕ್ಕೆ ಇದ್ದರೆ ಹೀರೇಕಾಯಿ ಎಷ್ಟು ಬೇಕು?

3. ನಿಮ್ಮ ಮನೆಯಲ್ಲಿ ಯಾವುದಾದರೂ ಒಂದು ತರಕಾರಿಯನ್ನು ಹೆಚ್ಚುವ ಮೊದಲು ಮತ್ತು ಆಮೇಲೆ ತೂಗಿರಿ. ತಾಯಂದಿರು ದಯವಿಟ್ಟು ಒಂದು ದಿನ ತಕ್ಕಡಿಯನ್ನು ಅಡಿಗೆ ಮನೆಯೊಳಗೆ ಬಿಡಬೇಕಾಗಿ ಕೋರುತ್ತೇವೆ. ಬಂದ ಅಂಕಿಯಿಂದ ನಿಮ್ಮ ತರಗತಿಗೆಲ್ಲ ಒಂದು ಹೊತ್ತಿನ ಪಲ್ಯಕ್ಕೆ ಚೀಟಿ ಬರೆದು ತನ್ನಿರಿ.