ಸ್ವಿಚ್ ತೆಗೆಯುವ ಮುಂಚಿನ ಐದು ಆಂಪಿಯರ್

ಮೂರನೇ ಸೆಮಿಸ್ಟರಿನ ಹುಡುಗರಿಗೆ ನೆಟ್‌ವರ್ಕ್ ಅನಾಲಿಸಿಸ್ ಹೇಳಿಕೊಡುತ್ತ ನಾನು ಕಂಡುಕೊಂಡದ್ದು ಇಷ್ಟು: ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಲೆಕ್ಕಗಳಲ್ಲಿ ಯಾರೂ ಪಾರ್ಷಿಯಲ್ ಫ್ರಾಕ್ಷನ್ ಹತ್ತಿರ ಸೋಲುವುದಿಲ್ಲ. ಅದನ್ನು ಪಿಯುಸಿಯಿಂದಲೇ ಅರೆದು ಕುಡಿದು ಬಂದಿರುತ್ತಾರೆ. ಸೋಲುವುದು ಮೊದಲ ಸಾಲಿನಲ್ಲೇ, ಇಂಡಕ್ಟರಿನಲ್ಲಿ ಆಗಲೇ ಹರಿಯುತ್ತಿದ್ದ ಕರೆಂಟನ್ನು ಸಮೀಕರಣದೊಳಗೆ ಕೂರಿಸುವಾಗ.

ಸುಲಭದ್ದರಿಂದ ಶುರು ಮಾಡೋಣ. 4 ಓಮ್ ರೆಸಿಸ್ಟರ್, 2 ಹೆನ್ರಿ ಇಂಡಕ್ಟರ್ ಸರಣಿಯಲ್ಲಿವೆ. 20 ವೋಲ್ಟ್ ಬಹಳ ಹೊತ್ತಿನಿಂದ ಕೊಟ್ಟಿದ್ದರಿಂದ 5 ಆಂಪಿಯರ್ ನೆಲೆ ನಿಂತಿದೆ. t = 0 ಹೊತ್ತಿಗೆ ಸರಬರಾಜು 12 ವೋಲ್ಟಿಗೆ ಇಳಿಯಿತು. ಇಂಡಕ್ಟರಿನ ವೋಲ್ಟೇಜಿನ ಟ್ರಾನ್ಸ್‌ಫಾರ್ಮ್ L[sI − i(0⁻)]. ಆ i(0⁻) ಅಂದರೆ ಸ್ವಿಚ್ ಮುಟ್ಟುವುದಕ್ಕೆ ಮುಂಚಿನ ಕರೆಂಟು, 5 ಆಂಪಿಯರ್. ಹೀಗಾಗಿ:

```
12/s + 10 = (4 + 2s) I
I = (5s + 6) / (s(s + 2))
i(t) = 3 + 2e^(-2t)
```

ಇಲ್ಲಿರುವ 10ನ್ನು ಅನೇಕರು 10/s ಎಂದು ಬರೆಯುತ್ತಾರೆ. ಕೆಪಾಸಿಟರಿನಲ್ಲಿ v(0⁻)/s ಎಂದು ಬರೆದು ಕೈ ಪಳಗಿರುತ್ತದೆ, ಅದೇ ಗುಂಗಿನಲ್ಲಿ ಇಲ್ಲೂ s ಬಂದು ಕೂರುತ್ತದೆ. ನಾನು ಅವರಿಗೆ ಯೂನಿಟ್ ನೋಡಿ ಎನ್ನುತ್ತೇನೆ. ವೋಲ್ಟೇಜಿನ ಟ್ರಾನ್ಸ್‌ಫಾರ್ಮಿಗೆ ವೋಲ್ಟ್-ಸೆಕೆಂಡ್ ಯೂನಿಟ್. ಹೆನ್ರಿಯನ್ನು ಆಂಪಿಯರಿನಿಂದ ಗುಣಿಸಿದರೂ ವೋಲ್ಟ್-ಸೆಕೆಂಡೇ. ಅಂದಮೇಲೆ Li(0⁻) ತಾನೇ ಸರಿಯಾಗಿ ಕೂತಿದೆ, ಅದನ್ನು ಮತ್ತೆ s ನಿಂದ ಭಾಗಿಸಿದರೆ ಯೂನಿಟ್ ಕೆಡುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಸೂಕ್ಷ್ಮ. ಕರೆಂಟು ಸರಿಯಾಗಿ ಸಿಕ್ಕಿತು, ಈಗ ಇಂಡಕ್ಟರಿನ ವೋಲ್ಟೇಜ್ ಬೇಕು. s-ಡೊಮೇನ್ ಚಿತ್ರದಲ್ಲಿ sL ಎಂಬ ಡಬ್ಬಿಯೂ ಅದರ ಪಕ್ಕದಲ್ಲಿ Li(0⁻) ಎಂಬ ವೋಲ್ಟೇಜ್ ಸೋರ್ಸೂ ಇರುತ್ತವೆ. ವಿದ್ಯಾರ್ಥಿ ಡಬ್ಬಿಯ ಮೇಲಿನ ವೋಲ್ಟೇಜನ್ನಷ್ಟೇ ತೆಗೆದುಕೊಂಡು 2sI = (10s + 12)/(s + 2) ಎಂದು ಬರೆಯುತ್ತಾನೆ. ಭಾಗಿಸಿದರೆ 10 − 8/(s + 2). ಆ ಒಂಟಿ 10 ಎಂದರೆ ಒಂದು ಇಂಪಲ್ಸ್. 20ರಿಂದ 12 ವೋಲ್ಟಿಗೆ ಇಳಿಸಿದ ಮಾತ್ರಕ್ಕೆ ಇಂಡಕ್ಟರಿನ ಮೇಲೆ ಅನಂತ ವೋಲ್ಟೇಜ್ ಎಲ್ಲಿಂದ ಬರಬೇಕು? ನಿಜವಾದ ಇಂಡಕ್ಟರ್ ಅಂದರೆ ಡಬ್ಬಿ ಮತ್ತು ಸೋರ್ಸ್ ಎರಡೂ ಸೇರಿ. 10 ಕಳೆದರೆ ಉಳಿಯುವುದು −8e^(-2t). ಶುರುವಿನ ಕ್ಷಣದಲ್ಲಿ ರೆಸಿಸ್ಟರ್ 20 ವೋಲ್ಟ್ ತಿನ್ನುತ್ತದೆ, ಸರಬರಾಜು 12, ಹಾಗಾಗಿ ಇಂಡಕ್ಟರಿನ ಪಾಲು −8. ತಾಳೆಯಾಯಿತು. ಅಂಶದ ಡಿಗ್ರಿ ಛೇದದ ಡಿಗ್ರಿಗೆ ಸಮನಾದಾಗಲೆಲ್ಲ ಪೆನ್ನು ಕೆಳಗಿಟ್ಟು, ಇಲ್ಲಿ ಇಂಪಲ್ಸ್ ಬರಲು ಕಾರಣವಿದೆಯೇ ಎಂದು ಕೇಳಿಕೊಳ್ಳಬೇಕು.

ಕಾರಣ ಇರುವ ಸರ್ಕ್ಯೂಟೂ ಉಂಟು. ಪಾಠದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಅದೇ 20 ವೋಲ್ಟ್, 4 ಓಮ್, 2 ಹೆನ್ರಿ, 5 ಆಂಪಿಯರ್. ಜೊತೆಗೆ ಸರಣಿಯಲ್ಲೇ 3 ಹೆನ್ರಿಯ ಎರಡನೇ ಇಂಡಕ್ಟರ್. ಆದರೆ ಅದರ ಎರಡು ತುದಿಗಳ ನಡುವೆ ಒಂದು ಸ್ವಿಚ್ ಮುಚ್ಚಿಕೊಂಡಿದೆ, ಹಾಗಾಗಿ ಆ ಇಂಡಕ್ಟರಿನೊಳಗೆ ಕರೆಂಟಿಲ್ಲ. t = 0 ಹೊತ್ತಿಗೆ ಸ್ವಿಚ್ ತೆರೆಯುತ್ತೇವೆ. "ಸರ್, ಇಂಡಕ್ಟರಿನ ಕರೆಂಟು ತಟ್ಟನೆ ಬದಲಾಗಲ್ಲ ಅಂತ ನೀವೇ ಹೇಳಿದ್ರಿ. ಒಂದರಲ್ಲಿ 5, ಇನ್ನೊಂದರಲ್ಲಿ ಸೊನ್ನೆ. ಸರಣಿಯಲ್ಲಿ ಎರಡೂ ಒಂದೇ ಆಗ್ಬೇಕಲ್ಲ?" ಎಂದು ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ನಾನು ಹೇಳಿದ್ದ ಆ ನಿಯಮಕ್ಕೆ ಒಂದು ಷರತ್ತಿದೆ: ಇಂಡಕ್ಟರಿನ ಮೇಲಿನ ವೋಲ್ಟೇಜ್ ಮಿತಿಯೊಳಗಿದ್ದರೆ ಮಾತ್ರ ಕರೆಂಟು ಜಿಗಿಯುವುದಿಲ್ಲ. ಇಲ್ಲಿ ಜಿಗಿಯದೆ ಗತ್ಯಂತರವಿಲ್ಲ.

ಎಲ್ಲಿಗೆ ಜಿಗಿಯುತ್ತದೆ ಎಂದು ಮೊದಲೇ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಳೆಯ ಸರ್ಕ್ಯೂಟಿನ ಲೆಕ್ಕ ಕೈಯಲ್ಲಿದೆ: ಮೊದಲನೆಯದಕ್ಕೆ 2 × 5 = 10, ಎರಡನೆಯದಕ್ಕೆ ಸೊನ್ನೆ. ಅದನ್ನೇ ಹಾಕಿ ಮುಂದುವರಿಯುವುದು:

```
20/s + 10 = (4 + 5s) I
I = (2s + 4) / (s(s + 0.8))
i(t) = 5 - 3e^(-0.8t)
```

ಈಗ t = 0⁺ ನಲ್ಲಿ ಕರೆಂಟು 2 ಆಂಪಿಯರ್. ಇದನ್ನು ಕಂಡೊಡನೆ ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ: 5 ಹಾಕಿದ್ದೆವು, 2 ಬಂತು, ಲೆಕ್ಕ ತಪ್ಪಿದೆ. ತಪ್ಪಿಲ್ಲ. ಇನಿಶಿಯಲ್ ವ್ಯಾಲ್ಯೂ ಥಿಯರಂ ಕೊಡುವುದು ಯಾವತ್ತೂ 0⁺ ನ ಬೆಲೆಯನ್ನು. ನಾವು ಒಳಗೆ ಹಾಕಿದ್ದು 0⁻ ನದು. ಎರಡೂ ಒಂದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಉಳಿಯಬೇಕಾದದ್ದು ಒಟ್ಟು ಫ್ಲಕ್ಸ್ ಲಿಂಕೇಜ್: ಮುಂಚೆ 2 × 5 = 10, ಆಮೇಲೆ 5 × 2 = 10.

ಎರಡನೇ ಇಂಡಕ್ಟರಿನ ವೋಲ್ಟೇಜ್ 3sI, ಅಂದರೆ 6 + 7.2/(s + 0.8). ಈ 6 ನಿಜವಾದ ಇಂಪಲ್ಸ್: 3 ಹೆನ್ರಿಯಲ್ಲಿ ಒಮ್ಮೆಲೇ 2 ಆಂಪಿಯರ್ ಹುಟ್ಟಿಸಲು ಬೇಕಾದ 6 ವೋಲ್ಟ್-ಸೆಕೆಂಡ್. ಮೊದಲ ಇಂಡಕ್ಟರಿನ ಮೇಲೆ, ಅದರ 10ನ್ನು ಮರೆಯದೆ ಕಳೆದರೆ, −6 ಸಿಗುತ್ತದೆ. ಎರಡೂ ಸೇರಿ ಸೊನ್ನೆ. ರೆಸಿಸ್ಟರಿಗಾಗಲಿ ಸರಬರಾಜಿಗಾಗಲಿ ಇಂಪಲ್ಸಿನ ಗೊಡವೆಯಿಲ್ಲ. ಇದೇ ಲೆಕ್ಕಕ್ಕೆ 0⁺ ನ 2 ಆಂಪಿಯರನ್ನು ಹಾಕಿದರೂ ಕರೆಂಟು ಇದೇ ಬರುತ್ತದೆ. ಆದರೆ ಆ 2ನ್ನು ಬೇರೆ ದಾರಿಯಿಂದ ಮೊದಲೇ ಕಂಡುಹಿಡಿದಿರಬೇಕು, ಮೇಲಾಗಿ ವೋಲ್ಟೇಜಿನಲ್ಲಿ ಇಂಪಲ್ಸ್ ಕಾಣದಂತೆ ಮಾಯವಾಗುತ್ತದೆ. ಸ್ವಿಚ್ ಸುಟ್ಟಿದ್ದೇಕೆ ಎಂದು ಕೇಳಿದರೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಇಂಪಲ್ಸ್ ಎಂದರೆ ಕಾಗದದ ಮೇಲಿನ ಆಟ ಎನ್ನುವವರಿಗಾಗಿ ನಾನು ತೆರೆದ ಸ್ವಿಚ್ಚಿಗೆ ಅಡ್ಡಲಾಗಿ 1 ಕಿಲೋಓಮ್ ರೆಸಿಸ್ಟರ್ ಹಾಕಿ ಲೆಕ್ಕ ಮಾಡಿಸುತ್ತೇನೆ. ಈಗ ಯಾವ ಕರೆಂಟೂ ಜಿಗಿಯಬೇಕಿಲ್ಲ. 5 ಆಂಪಿಯರ್ ಆ ರೆಸಿಸ್ಟರಿನಲ್ಲಿ ಹರಿದು 5000 ವೋಲ್ಟ್ ಎಬ್ಬಿಸುತ್ತದೆ. ಅದು ಇಳಿಯುವ ಟೈಂ ಕಾನ್‌ಸ್ಟಂಟ್ ಸುಮಾರು 1.2 ಮಿಲಿಸೆಕೆಂಡ್, ಏಕೆಂದರೆ 2 ಮತ್ತು 3 ಹೆನ್ರಿ ಸಮಾಂತರದಲ್ಲಿ 1.2 ಹೆನ್ರಿ. ಎರಡನ್ನೂ ಗುಣಿಸಿ: 6 ವೋಲ್ಟ್-ಸೆಕೆಂಡ್. 10 ಕಿಲೋಓಮ್ ಹಾಕಿದರೆ 50,000 ವೋಲ್ಟ್, 0.12 ಮಿಲಿಸೆಕೆಂಡ್, ಮತ್ತೆ 6. ಎತ್ತರ ಏರುತ್ತದೆ, ಅಗಲ ಕುಗ್ಗುತ್ತದೆ, ವಿಸ್ತೀರ್ಣ ಅಲುಗುವುದಿಲ್ಲ. ಇದನ್ನು ಕೈಯಾರೆ ಮಾಡಿದ ಮೇಲೆ ಇಂಪಲ್ಸಿನ ಬಗ್ಗೆ ಯಾರೂ ನನ್ನ ಹತ್ತಿರ ತಕರಾರು ತೆಗೆದಿಲ್ಲ.

ಶಕ್ತಿಯ ಲೆಕ್ಕ ಕೇಳುವವರೂ ಇರುತ್ತಾರೆ. ಮುಂಚೆ ½ × 2 × 25 = 25 ಜೂಲ್, ಜಿಗಿದ ಮೇಲೆ ½ × 5 × 4 = 10 ಜೂಲ್. ಹೋದ 15 ಜೂಲ್ ಅಡ್ಡ ರೆಸಿಸ್ಟರ್ ಇದ್ದರೆ ಅದರಲ್ಲಿ ಬಿಸಿಯಾಗುತ್ತದೆ. ಅದಿಲ್ಲದ ನಿಜವಾದ ಸ್ವಿಚ್ಚಿನಲ್ಲಿ ಬಹುಪಾಲು ಕಾಂಟ್ಯಾಕ್ಟುಗಳ ನಡುವೆ ಆರ್ಕ್ ಆಗಿ ಹೋಗುತ್ತದೆ. ಆರ್ಕ್ ಎಷ್ಟು ಹೊತ್ತು ಉರಿಯುತ್ತದೆ, ವೋಲ್ಟೇಜ್ ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಆರ್ಕ್ ಲೀನಿಯರ್ ಅಲ್ಲ, ಕಾಯಿಲ್ ಸುತ್ತುಗಳ ನಡುವಿನ ಪುಟ್ಟ ಕೆಪಾಸಿಟನ್ಸೂ ಮಾದರಿಯಲ್ಲಿಲ್ಲ. ಅಲ್ಲಿಗೆ ಲಾಪ್ಲಾಸ್‌ನ ಗಡಿ ಮುಗಿಯಿತು.

ಓದಿದವರು ಒಂದು ಕೆಲಸ ಮಾಡಿ. 5 ವೋಲ್ಟಿಗೆ ಚಾರ್ಜ್ ಆದ 2 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಖಾಲಿ ಇರುವ 3 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ನೇರವಾಗಿ ಜೋಡಿಸಿ, 0⁻ ನ ಬೆಲೆಗಳನ್ನೇ ಹಾಕಿ ಲೆಕ್ಕ ಮಾಡಿ. ವೋಲ್ಟೇಜ್ 2ಕ್ಕೆ ಬಂದು ನಿಂತು, ಕರೆಂಟಿನಲ್ಲಿ 6 ಮೈಕ್ರೋಕೂಲಂಬಿನ ಇಂಪಲ್ಸ್ ಸಿಕ್ಕರೆ ನಿಮ್ಮ ಮೊದಲ ಸಾಲು ಸರಿಯಿದೆ.